ಮಕ್ಕಳ ಸಿದ್ಧ ಉಡುಪಿನ ಅಳತೆ: ವಯಸ್ಸು, ಎತ್ತರ ಮತ್ತು ಬೆಳವಣಿಗೆಯ ಎಡೆ

ಮಕ್ಕಳ ಸಿದ್ಧ ಉಡುಪುಗಳ ಮಾರಾಟಪಟ್ಟಿಗಳಲ್ಲಿ ಅಳತೆಯನ್ನು ಎರಡು ಬಗೆಯಾಗಿ ಸೂಚಿಸುವುದುಂಟು. ಒಂದು, ‘4-5 ವರ್ಷ’ ಎಂಬಂತೆ ವಯಸ್ಸಿನಿಂದ. ಇನ್ನೊಂದು, ‘110’ ಎಂಬಂತೆ ಸೆಂಟಿಮೀಟರುಗಳಲ್ಲಿ ಹೇಳಿದ ಮಗುವಿನ ಎತ್ತರದಿಂದ. ಎತ್ತರದ ಪದ್ಧತಿ ಯೂರೋಪಿನಲ್ಲಿಯೂ ಜಪಾನಿನಲ್ಲಿಯೂ ರೂಢವಾಗಿದೆ. ಯೂರೋಪಿನಲ್ಲಿ 98, 104, 110, 116 ಎಂದು ಆರಾರು ಸೆಂಟಿಮೀಟರುಗಳ ಮೆಟ್ಟಿಲುಗಳಿವೆ; ಜಪಾನಿನಲ್ಲಿ 100, 110, 120 ಎಂದು ಸಾಮಾನ್ಯವಾಗಿ ಹತ್ತರ ಮೆಟ್ಟಿಲುಗಳಿವೆ. ಭಾರತದ ಅಂಗಡಿಗಳಲ್ಲಿ ವಯಸ್ಸಿನ ಸೂಚನೆಯೇ ಹೆಚ್ಚು ಪರಿಚಿತವಾದುದು.

ಇವೆರಡರಲ್ಲಿ ಯಾವುದು ನಂಬಲರ್ಹವೆಂಬುದನ್ನು ನಿರ್ಣಯಿಸಲು ಬೆಳವಣಿಗೆಯ ಅಂಕಿಗಳನ್ನು ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಮಾನದ ಪ್ರಕಾರ, ನಾಲ್ಕು ವರ್ಷ ತುಂಬಿದ ಬಾಲಕರ ಮಧ್ಯಮ ಎತ್ತರ ಸುಮಾರು 103 ಸೆಂಟಿಮೀಟರು. ಆದರೆ ಆರೋಗ್ಯವಂತರಾದ ಬಾಲಕರಲ್ಲಿಯೇ ಈ ಎತ್ತರ ಸುಮಾರು 95ರಿಂದ 112ರವರೆಗೆ ಹರಡಿಕೊಂಡಿರುತ್ತದೆ. ಅಂದರೆ ಒಂದೇ ದಿನ ಹುಟ್ಟಿದ ಇಬ್ಬರು ಬಾಲಕರ ನಡುವೆ ಎರಡು ಮೂರು ಮೆಟ್ಟಿಲುಗಳಷ್ಟು ಅಂತರವಿರಬಹುದು. ವಯಸ್ಸು ಈ ಅಂತರವನ್ನು ಮರೆಮಾಡುತ್ತದೆ. ಎತ್ತರ ಅದನ್ನು ತೋರಿಸುತ್ತದೆ. ಮೂರರಿಂದ ಐದರವರೆಗಿನ ವಯಸ್ಸಿನಲ್ಲಿ ಮಗು ವರ್ಷಕ್ಕೆ ಸುಮಾರು 7 ಸೆಂಟಿಮೀಟರು ಬೆಳೆಯುವುದರಿಂದ, ಆರು ಸೆಂಟಿಮೀಟರುಗಳ ಒಂದು ಮೆಟ್ಟಿಲು ಹೆಚ್ಚು ಕಡಿಮೆ ಒಂದು ವರ್ಷದ ಬೆಳವಣಿಗೆಗೆ ಸಮನಾಗುತ್ತದೆ. ಮೊದಲ ವರ್ಷದಲ್ಲಿ ಶಿಶು ಸುಮಾರು 25 ಸೆಂಟಿಮೀಟರು ಬೆಳೆಯುತ್ತದೆಯಾದ ಕಾರಣ ಅದೇ ಮೆಟ್ಟಿಲು ಸರಾಸರಿ ಮೂರು ತಿಂಗಳೊಳಗೇ ಮುಗಿದುಹೋಗುತ್ತದೆ.

ಇನ್ನು ‘ಬೆಳವಣಿಗೆಯ ಎಡೆ’ಯ ವಿಚಾರ. ಮೈ ಅಲುಗಾಡಲು ಬೇಕಾದ ಸಡಿಲವೇ ಬೇರೆ, ಮುಂದಿನ ತಿಂಗಳುಗಳಿಗಾಗಿ ಬಿಟ್ಟ ಎಡೆಯೇ ಬೇರೆ. ಮೊದಲನೆಯದು ಅಗಲದಲ್ಲಿರಬೇಕು; ಎರಡನೆಯದು ಮುಖ್ಯವಾಗಿ ಉದ್ದದಲ್ಲಿ. ಏಕೆಂದರೆ ಈ ವಯಸ್ಸಿನಲ್ಲಿ ಮುಂಡಕ್ಕಿಂತ ಕಾಲುಗಳು ಬೇಗ ಬೆಳೆಯುತ್ತವೆ. ಸೊಂಟದ ಸುತ್ತಳತೆ ಅಲ್ಪವಾಗಿ ಮಾತ್ರ ಹೆಚ್ಚುತ್ತದೆ. ನಮ್ಮಲ್ಲಿ ಹೆಣ್ಣುಮಕ್ಕಳ ಲಂಗಕ್ಕೆ ಅಡ್ಡಲಾಗಿ ಟಕ್ಕುಗಳನ್ನು ಹಿಡಿದು, ಮಗು ಬೆಳೆದಂತೆ ಒಂದೊಂದಾಗಿ ಬಿಚ್ಚುವ ಪದ್ಧತಿ ಈ ತತ್ತ್ವವನ್ನೇ ಅನುಸರಿಸಿದುದು. ಭುಜದ ಹೊಲಿಗೆ ಮಾತ್ರ ಮೊದಲ ದಿನವೇ ಭುಜದ ಮೂಳೆಯ ಮೇಲೆ ಕೂಡಬೇಕು. ಅದು ತೋಳಿಗೆ ಜಾರಿದರೆ ಉಡುಪು ಎಡೆಯುಳ್ಳದ್ದಲ್ಲ, ಅಳತೆ ತಪ್ಪಿದ್ದು.

ಈಗ ಒಂದು ನಿದರ್ಶನವನ್ನು ಪರಿಶೀಲಿಸೋಣ. ಮಗುವಿಗೆ ನಾಲ್ಕು ವರ್ಷ. ಎತ್ತರ 100 ಸೆಂಟಿಮೀಟರು. ವಯಸ್ಸನ್ನು ನಂಬಿ ‘4-5 ವರ್ಷ, 110’ ಎಂಬ ಷರಾಯಿಯನ್ನು ಕೊಂಡರೆ ಹತ್ತು ಸೆಂಟಿಮೀಟರು ಎತ್ತರದ ಹೆಚ್ಚಳವಿರುತ್ತದೆ. ಕಾಲ ತುದಿ ನೆಲಕ್ಕೆ ತಾಗಿ ಮಗು ಎಡವುತ್ತದೆ. 104ನ್ನು ಆರಿಸಿದರೆ ನಾಲ್ಕು ಸೆಂಟಿಮೀಟರು ಉಳಿಯುತ್ತದೆ; ಇದು ಸುಮಾರು ಏಳು ತಿಂಗಳ ಬೆಳವಣಿಗೆಗೆ ಸಾಕು. ಈ ನಾಲ್ಕರಲ್ಲಿ ಕಾಲಿನ ಪಾಲು ಎರಡು ಸೆಂಟಿಮೀಟರಿಗಿಂತ ತುಸು ಹೆಚ್ಚು. ಆದರೆ ಷರಾಯಿ 60 ಸೆಂಟಿಮೀಟರು ಉದ್ದವಿದ್ದು, ಒಗೆತದಲ್ಲಿ ನೂರಕ್ಕೆ ಐದರಷ್ಟು ಕುಗ್ಗಿದರೆ ಮೂರು ಸೆಂಟಿಮೀಟರು ಹೋಗುತ್ತದೆ. ಮಗು ಬೆಳೆಯುವ ಮೊದಲೇ ಅದಕ್ಕಾಗಿ ಬಿಟ್ಟ ಎಡೆಯೆಲ್ಲವೂ ತೀರಿಹೋಯಿತು!

ಈ ಕುಗ್ಗುವಿಕೆಗೂ ಬಟ್ಟೆಯ ಮೃದುತ್ವಕ್ಕೂ ಸಂಬಂಧವುಂಟು. ಮಕ್ಕಳಿಗಾಗಿ ಹೆಚ್ಚಾಗಿ ಆರಿಸುವ ಹತ್ತಿಯ ಹೆಣಿಗೆ ಬಟ್ಟೆ ಮೃದುವಾಗಿರುವುದು ಅದರ ನೂಲು ಕಡಿಮೆ ಹುರಿಯುಳ್ಳದ್ದಾಗಿ, ಸಡಿಲವಾದ ಕುಣಿಕೆಗಳಲ್ಲಿ ನಿಂತಿರುವುದರಿಂದ. ಕಾರ್ಖಾನೆಯಲ್ಲಿ ಎಳೆದು ಒಣಗಿಸಿದ ಈ ಕುಣಿಕೆಗಳು ನೀರಿನಲ್ಲಿ ತಮ್ಮ ಸಹಜಾಕಾರಕ್ಕೆ ಮರಳುತ್ತವೆ. ಆಗ ಉದ್ದ ಕುಗ್ಗುತ್ತದೆ. ಆದುದರಿಂದ ಪಟ್ಟಿಯಲ್ಲಿ ‘ಬಹು ಮೃದು’ ಎಂಬ ಮಾತಿಗಿಂತ, ಬಟ್ಟೆಯನ್ನು ಮೊದಲೇ ಕುಗ್ಗಿಸಲಾಗಿದೆಯೇ ಎಂಬ ಮಾತು ಹೆಚ್ಚು ಬೆಲೆಯುಳ್ಳದ್ದು. ಮೃದುತ್ವದಲ್ಲಿಯೂ ಎರಡು ವಿಧ: ಗಿಡ್ಡ ಎಳೆಗಳನ್ನು ಬಾಚಿ ತೆಗೆದ ಹತ್ತಿಯದು ಬಹುಕಾಲ ಉಳಿಯುತ್ತದೆ, ಲೇಪದ್ರವ್ಯದಿಂದ ಬಂದದ್ದು ಕೆಲವು ಒಗೆತಗಳಲ್ಲಿ ಕಳೆದುಹೋಗಬಹುದು. ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಅಂಕಿ ತೂಕವನ್ನು ಹೇಳುವುದೇ ಹೊರತು ಮೃದುತ್ವವನ್ನಲ್ಲ.

ಪರೀಕ್ಷೆ ಸುಲಭ. ಬಟ್ಟೆಯ ಉದ್ದದಲ್ಲಿ 50 ಸೆಂಟಿಮೀಟರು ಅಂತರಕ್ಕೆ ದಾರದಿಂದ ಎರಡು ಗುರುತು ಹಾಕಿ, ಮೂರು ಸಲ ಒಗೆದು, ಒಣಗಿಸಿ, ಎಳೆಯದೆ ಅಳೆಯಬೇಕು. ಗುರುತುಗಳ ನಡುವೆ 47.5 ಮಾತ್ರ ಉಳಿದಿದ್ದರೆ ಕುಗ್ಗುವಿಕೆ ನೂರಕ್ಕೆ ಐದು. ಅದೇ ವೇಳೆ ಬಟ್ಟೆಯನ್ನು ಕೆನ್ನೆಗೆ ಒತ್ತಿ ನೋಡಿದರೆ ಉಳಿದ ಮೃದುತ್ವ ಎಷ್ಟೆಂಬುದೂ ತಿಳಿಯುತ್ತದೆ. ಹೀಗೆ ವಯಸ್ಸು ಒಂದು ಸ್ಥೂಲ ಸೂಚನೆ ಮಾತ್ರ. ಎತ್ತರವನ್ನೂ ಒಗೆದ ಬಳಿಕ ಉಳಿಯುವ ಉದ್ದವನ್ನೂ ಒಟ್ಟಿಗೆ ಹೇಳುವ ಪಟ್ಟಿಯಿಂದಲೇ ಉಡುಪು ಎಷ್ಟು ಕಾಲ ಸರಿಹೋದೀತೆಂಬುದನ್ನು ಲೆಕ್ಕ ಹಾಕಲು ಸಾಧ್ಯ.