ನೂರಹತ್ತು ದಿನದ ಗೋದಾಮು

ರಾಣೆಬೆನ್ನೂರಿನ ಹೊರವಲಯದಲ್ಲಿ ಮೆಕ್ಕೆಜೋಳದ ವರ್ತಕರೊಬ್ಬರು ಗೋದಾಮು ಕಟ್ಟಿಸುತ್ತಿದ್ದಾರೆ ಎಂದುಕೊಳ್ಳಿ. ಮೂವತ್ತು ಮೀಟರ್ ಅಗಲ, ಅರವತ್ತು ಮೀಟರ್ ಉದ್ದ, ಕಬ್ಬಿಣದ ಚೌಕಟ್ಟಿನ ಮೇಲೆ ಶೀಟು ಹೊದಿಸಿದ ಕಟ್ಟಡ. ಜೂನ್ 1ಕ್ಕೆ ಕೆಲಸ ಶುರು. ಅಕ್ಟೋಬರಿನಲ್ಲಿ ಹೊಸ ಜೋಳ ಬರುವಷ್ಟರಲ್ಲಿ ಬಾಗಿಲು ತೆರೆಯಬೇಕು. ಸಾಹುಕಾರರು ದಿನಾ ಬೆಳಿಗ್ಗೆ ಸೈಟಿಗೆ ಬಂದು ಪಾಯ ತೋಡುವವರ ತಲೆಯ ಮೇಲೆ ನಿಂತಿರುತ್ತಾರೆ. ಕಣ್ಣಿಗೆ ಕಾಣುವ ಕೆಲಸ ಅದೊಂದೇ. ಆದರೆ ಆ ಹೊತ್ತಿನಲ್ಲಿ ಅವರು ಬೆನ್ನು ಹತ್ತಬೇಕಾದದ್ದು ಪಾಯದವರನ್ನಲ್ಲ, ಶೆಡ್ ತಯಾರಿಸುವ ಕಂಪನಿಯಲ್ಲಿ ನಕ್ಷೆ ಬರೆಯುತ್ತಿರುವ ಎಂಜಿನಿಯರನ್ನು. ಇದನ್ನು ಲೆಕ್ಕ ಹಾಕಿ ತೋರಿಸುವ ವಿಧಾನಕ್ಕೆ ಕ್ರಿಟಿಕಲ್ ಪಾತ್ ಎಂದು ಹೆಸರು. 1957ರ ಸುಮಾರಿಗೆ ಅಮೆರಿಕದ ಡ್ಯೂಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ್‍ಯಾಂಡ್ ಕಂಪನಿಯ ಜೇಮ್ಸ್ ಕೆಲ್ಲಿ ಇದನ್ನು ಯೂನಿವ್ಯಾಕ್ ಎಂಬ ಕಂಪ್ಯೂಟರಿಗಾಗಿ ರೂಪಿಸಿದರು. ನಮ್ಮ ಗೋದಾಮಿಗೆ ಪೆನ್ನು, ಹಾಳೆ ಸಾಕು.

ಮೊದಲು ಯಾವ ಕೆಲಸ ಯಾವುದಕ್ಕಾಗಿ ಕಾಯುತ್ತದೆ ಎಂದು ಬರೆದುಕೊಳ್ಳಬೇಕು. ಶೆಡ್ಡಿನ ನಕ್ಷೆಗೆ 15 ದಿನ. ನಕ್ಷೆ ಒಪ್ಪಿಗೆಯಾದ ಮೇಲೆ ಕಾರ್ಖಾನೆಯಲ್ಲಿ ಕಂಬ, ತೊಲೆ ತಯಾರಾಗಲು 30 ದಿನ. ಇತ್ತ ನೆಲ ಸಮ ಮಾಡಿ ಗುರುತು ಹಾಕಲು 10 ದಿನ, ಪಾಯಕ್ಕೆ 25 ದಿನ. ಅನುಭವ ಸಾಲದವರು ಎಡವುವುದು ಇಲ್ಲೇ. ಪಾಯ ಕಾಯುವುದು ನೆಲ ಸಮವಾಗುವುದಕ್ಕಷ್ಟೇ ಅಲ್ಲ, ನಕ್ಷೆಗೂ ಕಾಯಬೇಕು. ಕಬ್ಬಿಣದ ಕಂಬವನ್ನು ಹಿಡಿದು ನಿಲ್ಲಿಸುವ ಆ್ಯಂಕರ್ ಬೋಲ್ಟುಗಳನ್ನು ಕಾಂಕ್ರೀಟಿನೊಳಗೇ ಹುದುಗಿಸಬೇಕಲ್ಲ, ಅವು ಎಲ್ಲಿ ಕೂರಬೇಕೆಂದು ಹೇಳುವುದು ಶೆಡ್ಡಿನ ನಕ್ಷೆ. ಅಂದಾಜಿನ ಮೇಲೆ ಬೋಲ್ಟು ಹೂತಿಟ್ಟು, ಆಮೇಲೆ ಕಂಬದ ತೂತಿಗೆ ಕೂರದೆ ಕಾಂಕ್ರೀಟು ಒಡೆಯುವ ಪಾಡು ಬೇಡ.

ಪಾಯ ಮುಗಿದ ಮೇಲೆ ಪ್ಲಿಂತ್ ಗೋಡೆ ಕಟ್ಟಿ ಮಣ್ಣು ತುಂಬಿ ದಮ್ಮಸು ಮಾಡಲು 15 ದಿನ, ಅದರ ನಂತರ ಹೊರಗಿನ ರಸ್ತೆ, ಚರಂಡಿಗೆ 20 ದಿನ. ಪಾಯವೂ ಆಗಿ, ಕಬ್ಬಿಣವೂ ಬಂದರೆ ಚೌಕಟ್ಟು ನಿಲ್ಲಿಸಲು 20 ದಿನ, ಶೀಟು ಹೊದಿಸಲು 18. ತಲೆಯ ಮೇಲೆ ಸೂರು ಬಂದು, ಕೆಳಗೆ ಮಣ್ಣು ಗಟ್ಟಿಯಾದ ಮೇಲೆ ಒಳಗಿನ ಕಾಂಕ್ರೀಟು ನೆಲ: ಹಾಸಲು 12, ನೀರುಣಿಸಲು 9, ಒಟ್ಟು 21 ದಿನ. ಶೀಟಾದ ಮೇಲೆಯೇ ವೈರಿಂಗ್, 12 ದಿನ. ಕೊನೆಗೆ ರೋಲಿಂಗ್ ಶಟರ್ ಮತ್ತು ಉಳಿದ ಚಿಲ್ಲರೆ ಕೆಲಸಕ್ಕೆ 6.

ಈಗ ಮುಂದಕ್ಕೆ ಎಣಿಸೋಣ. ಪ್ರತಿ ಕೆಲಸ ಬೇಗ ಎಂದರೆ ಯಾವಾಗ ಶುರುವಾದೀತು? ನಿಯಮ ಒಂದೇ: ಎರಡು ಕೆಲಸಗಳಿಗಾಗಿ ಕಾಯುವುದಿದ್ದರೆ ತಡವಾಗಿ ಮುಗಿಯುವುದೇ ಲೆಕ್ಕಕ್ಕೆ. ನೆಲ ಸಮವಾಗುವುದು 10ನೇ ದಿನಕ್ಕೆ, ನಕ್ಷೆ ಬರುವುದು 15ಕ್ಕೆ. ಹಾಗಾಗಿ ಪಾಯ 15ರ ನಂತರ ಶುರುವಾಗಿ 40ಕ್ಕೆ ಮುಗಿಯುತ್ತದೆ. ಕಬ್ಬಿಣ ಬರುವುದು 45ಕ್ಕೆ, ಆದ್ದರಿಂದ ಚೌಕಟ್ಟು 45ರಿಂದ 65. ಶೀಟು 83ಕ್ಕೆ. ಪ್ಲಿಂತ್ ಮತ್ತು ಮಣ್ಣಿನ ಕೆಲಸ 55ಕ್ಕೇ ಮುಗಿದಿರುತ್ತದೆ, ಆದರೂ ನೆಲದ ಕಾಂಕ್ರೀಟು ಶೀಟಿಗಾಗಿ ಕಾದು 83ರಿಂದ 104. ಶಟರ್ 110. ಇಡೀ ಗೋದಾಮಿಗೆ 110 ದಿನ.

ಮುಂದಿನದು ಹಿಂದಕ್ಕೆ ಎಣಿಸುವುದು. 110ಕ್ಕೆ ಮುಗಿಯಲೇಬೇಕೆಂದರೆ ಪ್ರತಿ ಕೆಲಸವನ್ನು ಎಷ್ಟು ತಡವಾಗಿ ಶುರು ಮಾಡಬಹುದು? ಇಲ್ಲಿ ನಿಯಮ ತಿರುಗುಮುರುಗು: ಒಂದು ಕೆಲಸವನ್ನು ಇಬ್ಬರು ಕಾಯುತ್ತಿದ್ದರೆ ಮೊದಲು ಬೇಕೆನ್ನುವವನ ಮಾತು ನಡೆಯುತ್ತದೆ. ಶಟರ್ 104ಕ್ಕೆ ಶುರುವಾಗಬೇಕು, ನೆಲ 83ಕ್ಕೆ, ಶೀಟು 65ಕ್ಕೆ, ಚೌಕಟ್ಟು 45ಕ್ಕೆ, ಕಾರ್ಖಾನೆ 15ಕ್ಕೆ, ನಕ್ಷೆ ಮೊದಲ ದಿನವೇ. ಈ ಆರು ಕೆಲಸಗಳಿಗೆ ಬೇಗದ ದಿನವೂ ತಡದ ದಿನವೂ ಒಂದೇ. ಇವುಗಳಲ್ಲಿ ಯಾವುದು ಒಂದು ದಿನ ಜಾರಿದರೂ ಜೋಳದ ಲಾರಿ ಒಂದು ದಿನ ಹೊರಗೆ ನಿಲ್ಲುತ್ತದೆ. ಕ್ರಿಟಿಕಲ್ ಪಾತ್ ಎಂದರೆ ಈ ಸರಪಳಿ.

ಉಳಿದವಕ್ಕೆ ಬಿಡುವಿದೆ, ತಡದ ದಿನದಿಂದ ಬೇಗದ ದಿನ ಕಳೆದರೆ ಸಿಗುವ ಇದನ್ನು ಫ್ಲೋಟ್ ಎನ್ನುತ್ತಾರೆ. ಪಾಯ ಬೇಗ ಎಂದರೆ 15ಕ್ಕೆ, ತಡ ಎಂದರೆ 20ಕ್ಕೆ ಶುರುವಾಗಬಹುದು: ಫ್ಲೋಟ್ 5. ನೆಲ ಸಮ ಮಾಡುವುದಕ್ಕೆ 10, ವೈರಿಂಗಿಗೆ 9, ಮಣ್ಣು ತುಂಬುವುದಕ್ಕೆ 28, ರಸ್ತೆಗೆ 35.

ಈ ಅಂಕಿಗಳನ್ನು ಓದುವಾಗ ಒಂದು ಮೋಸವಿದೆ. ಜೆಸಿಬಿಯವನಿಗೆ ಹತ್ತು ದಿನ, ಪಾಯದ ಮೇಸ್ತ್ರಿಗೆ ಐದು ದಿನ, ಒಟ್ಟು ಹದಿನೈದು ದಿನದ ಬಿಡುವು ಎಂದು ಕೂಡಿಸುವ ಹಾಗಿಲ್ಲ. ಜೆಸಿಬಿಯವನು ಮೊದಲ ಐದು ದಿನ ತಡಮಾಡಿದರೆ ಯಾರಿಗೂ ತೊಂದರೆಯಿಲ್ಲ, ಹೇಗೂ ನಕ್ಷೆ ಬಂದಿರುವುದಿಲ್ಲ. ಅಷ್ಟು ಮಾತ್ರ ಅವನ ಸ್ವಂತದ್ದು. ಉಳಿದ ಐದು ದಿನ ಅವನದೂ ಮೇಸ್ತ್ರಿಯದೂ ಕೂಡಿದ ಬುತ್ತಿ. ಅವನು ಅದನ್ನು ತಿಂದು ಮುಗಿಸಿದರೆ ಮೇಸ್ತ್ರಿ ಬರುವಷ್ಟರಲ್ಲಿ ಡಬ್ಬಿ ಖಾಲಿ. ಮೇಸ್ತ್ರಿಯ ಕೈಯಲ್ಲಿ ‘ಫ್ಲೋಟ್ 5’ ಎಂಬ ಹಳೆಯ ಹಾಳೆ ಮಾತ್ರ ಉಳಿದಿರುತ್ತದೆ. ಆದ್ದರಿಂದ ವಾರಕ್ಕೊಮ್ಮೆಯಾದರೂ ಲೆಕ್ಕವನ್ನು ಹೊಸದಾಗಿ ಹಾಕಬೇಕು.

ಮಳೆ ಬಂತೆನ್ನಿ. ಗುಂಡಿಯಲ್ಲಿ ನೀರು ನಿಂತು ಪಾಯಕ್ಕೆ 25ರ ಬದಲು 34 ದಿನ ಹಿಡಿಯಿತು. ಒಂಬತ್ತು ದಿನ ಹೋಯಿತೆಂದು ಗಾಬರಿಯಾಗುವುದು ಸಹಜ. ಆದರೆ ಐದನ್ನು ಫ್ಲೋಟ್ ನುಂಗಿಕೊಳ್ಳುತ್ತದೆ, ಗೋದಾಮು ತಡವಾಗುವುದು ನಾಲ್ಕೇ ದಿನ. ಆದರೆ ಸರಪಳಿ ಈಗ ಪಾಯದ ಮೇಲೆ ಹಾದುಹೋಗುತ್ತದೆ, ಕಾರ್ಖಾನೆಗೆ ನಾಲ್ಕು ದಿನ ಬಿಡುವು ಬಂದಿದೆ.

ದುಡ್ಡು ಸುರಿಯುವಾಗಲೂ ಇದೇ ಲೆಕ್ಕ. ಮಳೆ ಕಾಡಲಿಲ್ಲ, ಕಾರ್ಖಾನೆಗೆ ಹೆಚ್ಚಿಗೆ ಹಣ ಕೊಟ್ಟು ಮೂವತ್ತು ದಿನದ ಕೆಲಸವನ್ನು ಇಪ್ಪತ್ತಕ್ಕೆ ಇಳಿಸಿದಿರಿ ಎನ್ನೋಣ. ಕಬ್ಬಿಣ 35ಕ್ಕೇ ಸೈಟಿಗೆ ಬಂದು ಬೀಳುತ್ತದೆ. ಪಾಯ ಮುಗಿಯುವುದು 40ಕ್ಕೆ. ಕೊಟ್ಟದ್ದು ಹತ್ತು ದಿನದ ದುಡ್ಡು, ಸಿಕ್ಕಿದ್ದು ಐದೇ ದಿನ.

ಭಾನುವಾರಗಳನ್ನು ಮರೆಯಬೇಡಿ. ನೂರಹತ್ತನ್ನು ಸಾಲಾಗಿ ಎಣಿಸಿದರೆ ಸೆಪ್ಟೆಂಬರ್ 18. ಭಾನುವಾರ ರಜೆಯೆಂದು ಬಿಟ್ಟರೆ ಅಕ್ಟೋಬರ್ ಮೊದಲ ವಾರ, ಜೋಳ ಬಾಗಿಲಿಗೇ ಬಂದಿರುತ್ತದೆ. ಕಾಂಕ್ರೀಟಿಗೆ ನೀರುಣಿಸುವುದಕ್ಕೆ ಮಾತ್ರ ಭಾನುವಾರವೂ ಒಂದೇ, ಸೋಮವಾರವೂ ಒಂದೇ.

ಲೆಕ್ಕ ಸರಿಯಿದ್ದೂ ಹಾಳೆ ಸುಳ್ಳು ಹೇಳುವುದುಂಟು. ವೈರಿಂಗಿಗೆ ಒಂಬತ್ತು ದಿನದ ಫ್ಲೋಟ್ ಬಂತಲ್ಲ, ಅದು ನೆಲದ ಕೆಲಸ ನಡೆಯುತ್ತಿರುವಾಗಲೇ ವೈರಿಂಗೂ ನಡೆಯುತ್ತದೆ ಎಂಬ ನಂಬಿಕೆಯ ಮೇಲೆ. ಮೇಲಿನ ದೀಪ ಕಟ್ಟಲು ಏಣಿಗಂಬ ನಿಲ್ಲಿಸುವುದೆಲ್ಲಿ, ಹಸಿ ಕಾಂಕ್ರೀಟಿನ ಮೇಲೆಯೇ? ಜಾಗವೊಂದೇ, ಕೆಲಸವೆರಡು ಎಂಬುದನ್ನು ಬಾಣದ ಗುರುತುಗಳು ಹೇಳುವುದಿಲ್ಲ, ನಾವೇ ನೋಡಬೇಕು. ವೈರಿಂಗ್ ಪೂರ್ತಿ ಮುಗಿದ ಮೇಲೆಯೇ ನೆಲ ಎಂದರೆ 110 ಹೋಗಿ 122 ಆಗುತ್ತದೆ. ಅದಕ್ಕೆ ಗೋದಾಮನ್ನು ಎರಡು ಪಾಲು ಮಾಡುತ್ತಾರೆ. ಮೊದಲರ್ಧದ ವೈರಿಂಗ್ ಆರು ದಿನದಲ್ಲಿ ಮುಗಿಸಿ ಅತ್ತ ಸರಿಯುವುದು, ಖಾಲಿಯಾದ ಅರ್ಧದಲ್ಲಿ ನೆಲ ಹಾಸಲು ಶುರು ಮಾಡುವುದು. ಅವರು ಆರು ದಿನ ಹಾಸಿ ನಡುವಿಗೆ ಬರುವಷ್ಟರಲ್ಲಿ ವೈರಿಂಗಿನವರು ಉಳಿದರ್ಧವನ್ನೂ ಬಿಟ್ಟಿರುತ್ತಾರೆ. ಒಟ್ಟು 116 ದಿನ. ಆದರೆ ಹೀಗೆ ಮಾಡಿದರೆ ವೈರಿಂಗಿನ ಮೊದಲರ್ಧವೇ ಸರಪಳಿಯ ಕೊಂಡಿಯಾಗುತ್ತದೆ. ಒಂಬತ್ತು ದಿನ ಆಚೀಚೆಯಾದರೂ ನಡೆಯುತ್ತದೆ ಎಂದು ಎಲೆಕ್ಟ್ರಿಷಿಯನ್‌ಗೆ ಹೇಳಿಟ್ಟಿದ್ದರೆ, ಇವತ್ತೇ ಫೋನ್ ಮಾಡಿ ಆ ಮಾತು ಹಿಂದಕ್ಕೆ ತೆಗೆದುಕೊಳ್ಳಬೇಕು.