ಕರಿ ಟ್ರಂಕಿನೊಳಗೆ ಒಂದು ಪತ್ರ

ದೀಪಾವಳಿ ಮುಗಿದ ವಾರ ನನ್ನ ತಮ್ಮ ಲಡಾಖಿಗೆ ಹೊರಟ. ಹಿಂದಿನ ರಾತ್ರಿ ಅವನ ಕರಿ ಟ್ರಂಕಿನಲ್ಲಿ, ಅವ್ವ ಕಟ್ಟಿದ ಶೇಂಗಾ ಹೋಳಿಗೆಯ ಡಬ್ಬಿಯ ಕೆಳಗೆ, ಮನೆಯವರೆಲ್ಲ ಸೇರಿ ಬರೆದ ಪತ್ರ ಇಟ್ಟೆವು. ಲೇಹ್ ತಲುಪಿದ ಮೇಲೆ ಓದು ಅಂತ ಹೇಳಿದ್ದೆವು.

ಅದಕ್ಕೆ ಕಾರಣವಿತ್ತು. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿಗೆ ಹೋದ ಸೈನಿಕನನ್ನು ತಕ್ಷಣ ಕೆಲಸಕ್ಕೆ ಹಚ್ಚುವುದಿಲ್ಲ. ತೆಳು ಗಾಳಿಗೆ ದೇಹ ಹೊಂದಿಕೊಳ್ಳಲಿ ಎಂದು ಮೊದಲ ಹಂತದಲ್ಲೇ ಆರು ದಿನ ಕೊಡುತ್ತಾರೆ. ಮೊದಲೆರಡು ದಿನ ಪೂರ್ತಿ ವಿಶ್ರಾಂತಿ. ಇನ್ನೂ ಮೇಲೆ ಹೋಗುವವರಿಗೆ ನಾಲ್ಕು ನಾಲ್ಕು ದಿನದ ಮತ್ತೆರಡು ಹಂತಗಳಿವೆ. ತಲೆ ಭಾರ, ನಿದ್ದೆ ಕಡಿಮೆ, ಕೈಗೆ ಕೆಲಸವಿಲ್ಲ. ಮನೆ ಹೆಚ್ಚು ನೆನಪಾಗುವುದು ಆಗಲೇ.

ಆ ಪತ್ರ ಎರಡು ಸಲ ಬರೆದದ್ದು. ಮೊದಲ ಸಲ ನಾನು, 'ಸೊಸೈಟಿ ಸಾಲದ ಬಗ್ಗೆ ನೀ ಚಿಂತಿ ಮಾಡಬ್ಯಾಡ, ಅವ್ವನ ಮೊಣಕಾಲಿನ ಬಗ್ಗೆನೂ ತಲಿ ಕೆಡಿಸಿಕೋಬ್ಯಾಡ' ಎಂದು ಬರೆದಿದ್ದೆ. ಅಪ್ಪ ಓದಿಸಿ ಕೇಳಿ, "ಇದನ್ನ ಹರದ ಹಾಕು. ಚಿಂತಿ ಮಾಡಬ್ಯಾಡ ಅಂದ್ರ ಚಿಂತಿ ಹಚ್ಚಿಧಂಗ. ಏನ್ ಆಗೇತಿ, ಏನ್ ಮಾಡೇವಿ, ಈಗ ಹ್ಯಾಂಗೈತಿ, ಮೂರೂ ಬರಿ" ಅಂದರು.

ಅಪ್ಪ ಹೇಳಿದ ಆ ಮೂರು ಮಾತಿನಲ್ಲೇ ಇಡೀ ವಿದ್ಯೆ ಇದೆ. ಪತ್ರ ಕೈಸೇರಲು ದಿನಗಳು ಬೇಕು, ಉತ್ತರ ಬರಲು ಮತ್ತಷ್ಟು ದಿನ. ಅರ್ಧ ಹೇಳಿ ಬಿಟ್ಟ ಸುದ್ದಿಯ ಉಳಿದರ್ಧವನ್ನು ಓದುವವನು ತಾನೇ ಊಹಿಸಿಕೊಳ್ಳುತ್ತಾನೆ. ಊಹೆ ಯಾವಾಗಲೂ ಕೆಟ್ಟದ್ದರ ಕಡೆಗೇ ಓಡುತ್ತದೆ. ಮುಚ್ಚಿಟ್ಟರೆ ಇನ್ನೂ ಕಷ್ಟ. ಊರಿನವರ ಫೋನಿನಿಂದ ಗೊತ್ತಾದ ದಿನದಿಂದ ನಮ್ಮ ಒಳ್ಳೆಯ ಸುದ್ದಿಯನ್ನೂ ಅವನು ನಂಬುವುದಿಲ್ಲ.

ಎರಡನೆಯ ಸಲ ಹೀಗೆ ಬರೆದೆವು: 'ಸೊಸೈಟಿ ಕಂತು ಮಾರ್ಚಿನೊಳಗ ಕಟ್ಟೂದೈತಿ. ಹೆಸರು ಮಾರಿದ ರೊಕ್ಕ ಅದಕ್ಕಂತ ತಗದಿಟ್ಟೇವಿ. ಅವ್ವನ ಮೊಣಕಾಲು ಡಾಕ್ಟರಿಗೆ ತೋರಿಸೇವಿ, ಸವದೈತಿ ಅಂದ್ರು. ಆಪರೇಷನ್ ಸದ್ಯ ಬ್ಯಾಡಂತ. ಗುಳಿಗಿ ತಗೋತಾಳ, ನೀರು ನಾ ತರ್ತೀನಿ.' ನೋವಿಲ್ಲ ಎಂದು ಬರೆಯಲಿಲ್ಲ. ನೋವನ್ನು ನೋಡಿಕೊಳ್ಳುವವರು ಯಾರು ಎಂದು ಬರೆದೆವು.

ಇನ್ನೊಂದು ಸಾಲನ್ನು ಅವ್ವನೇ ತೆಗೆಸಿದಳು, 'ಯಾವಾಗ ಬರ್ತಿ?' ಎಂಬುದನ್ನು. ಜವಾನರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ ಇದೆ. ಆದರೆ ಎಲ್ಲರೂ ಒಮ್ಮೆಗೇ ಹೊರಡುವಂತಿಲ್ಲ, ಸರದಿ ಬರಬೇಕು. ಚಳಿಗಾಲದಲ್ಲಿ ಹಿಮ ಬಿದ್ದು ಘಾಟಿ ಮುಚ್ಚುತ್ತದೆ, ಹವಾಮಾನ ಕೆಟ್ಟರೆ ವಿಮಾನವೂ ನಿಲ್ಲುತ್ತದೆ. ಅವನ ಕೈಯಲ್ಲಿಲ್ಲದ ತಾರೀಖನ್ನು ಕೇಳಿದರೆ ಅವನಿಗೂ ಸಂಕಟ, ದಾರಿ ಕಾಯುವ ನಮಗೂ ಸಂಕಟ.

ಹಾಗಾದರೆ ಭರವಸೆಯ ಮಾತು ಯಾವುದು? ನಮ್ಮ ಕೆಂದಾಕಳು ಗಬ್ಬಾಗಿತ್ತು, ಸಂಕ್ರಾಂತಿ ದಾಟಿದ ಮೇಲೆ ಈಯಬೇಕು. 'ಕರುವಿನ ಹೆಸರು ನೀನ ಇಡು, ಪತ್ರದಾಗ ಬರದು ಕಳಸು' ಎಂದು ಬರೆದೆವು. ಅಲ್ಲಿ ಕುಳಿತೇ ಮಾಡಬಹುದಾದ ಮನೆಗೆಲಸ ಅದು. ಉತ್ತರ ತಡವಾದರೂ ಏನೂ ಕೆಡುವುದಿಲ್ಲ.

ಮುಂದಿನ ಪತ್ರಗಳಿಗೆ ಅವನು ಕೊಟ್ಟ ವಿಳಾಸದಲ್ಲಿ ಊರಿನ ಹೆಸರಿಲ್ಲ. ಅವನ ನಂಬರು, ದರ್ಜೆ, ಹೆಸರು, ಘಟಕ, ಆಮೇಲೆ ಮಾರ್ಫತ್ 56 ಎಪಿಒ. ಪಿನ್ ಕೋಡ್ 9ರಿಂದ ಶುರು. ಸೇನೆಯ ಅಂಚೆಗೆಂದೇ ಮೀಸಲಾದ ಅಂಕಿ ಅದು. ಘಟಕ ಎಲ್ಲಿದೆ ಎಂಬುದು ಸೇನೆಯ ಅಂಚೆಯವರಿಗೆ ಗೊತ್ತು, ಲಕೋಟೆಯ ಮೇಲೆ ಕಾಣಿಸಬಾರದು. ನಾವು ಹುರುಪಿನಿಂದ 'ಲಡಾಖ್' ಎಂದು ಸೇರಿಸಿದರೆ ಆ ಗುಟ್ಟೇ ಹಾಳು. ಒಮ್ಮೊಮ್ಮೆ ಮೂರು ಪತ್ರ ಒಟ್ಟಿಗೆ, ಹಿಂದುಮುಂದಾಗಿ ಕೈಸೇರುತ್ತವೆ. ಅದಕ್ಕೇ ಪ್ರತಿ ಪತ್ರದ ಮೂಲೆಯಲ್ಲಿ ತಾರೀಖಿನ ಜೊತೆ ಅನುಕ್ರಮ ಸಂಖ್ಯೆ ಹಾಕುತ್ತೇವೆ. ಟ್ರಂಕಿನಲ್ಲಿಟ್ಟ ಪತ್ರದ ಸಂಖ್ಯೆ 1.

ಪತ್ರದಿಂದ ಆಗದ ಕೆಲಸವೂ ಇದೆ. ಮನೆಯಲ್ಲಿ ಅವನು ಬರಲೇಬೇಕಾದಂಥ ಅನಾಹುತವಾದರೆ ಫೋನಿನಲ್ಲಿ ಘಟಕಕ್ಕೇ ತಿಳಿಸಬೇಕು. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿ ಮಾಜಿ ಸೈನಿಕರಿಗಷ್ಟೇ ಅಲ್ಲ, ಸೇವೆಯಲ್ಲಿರುವವರ ಮನೆಯವರಿಗೂ ನೆರವಾಗುತ್ತದೆ. ಆ ಎರಡೂ ನಂಬರು ನಮ್ಮ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದೇವೆ.

ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಮನೆಗೆ ಬಂದಾಗ ಅವನ ಪತ್ರ ಬಂದಿತ್ತು. ಮೂಲೆಯಲ್ಲಿ ಅವನೂ 1 ಎಂದು ಬರೆದಿದ್ದ. 'ಆಕಳಾದರ ಗೌರಿ, ಹೋರಿ ಆದರ ಬಸವ. ನೀರು ನೀನ ತರಾಕತ್ತೀಯೋ, ಅವ್ವನ ತರಾಕತ್ತಾಳೋ, ಖರೇ ಹೇಳು' ಎಂದು ಕೇಳಿದ್ದ. ಅವ್ವ ಅದನ್ನು ಎರಡು ಸಲ ಓದಿಸಿದಳು. ಆಮೇಲೆ ಬಾವಿಕಟ್ಟೆಯ ಕಡೆ ಹೊರಟವಳು ಕೊಡ ಕೆಳಗಿಟ್ಟು, "ನೀನ ಹೋಗವಾ, ಅವಗ ಸುಳ್ಳು ಬರಿಯೂದು ಬ್ಯಾಡ" ಅಂದಳು.