ತ್ರೈಮಾಸಿಕ ಪತ್ರದಲ್ಲಿ ನೌಕರ ಹುಡುಕುವುದೇನು?

2014ರ ಜುಲೈ 17ರಂದು ಮೈಕ್ರೋಸಾಫ್ಟ್‌ನ ಮೊಬೈಲ್ ವಿಭಾಗದ ನೌಕರರಿಗೆ ಮುಖ್ಯಸ್ಥ ಸ್ಟೀಫನ್ ಎಲಾಪ್ ಅವರಿಂದ ಒಂದು ಪತ್ರ ಬಂತು. ಅದಕ್ಕೆ ಕೆಲವೇ ತಿಂಗಳ ಹಿಂದೆ ಕಂಪನಿ ನೋಕಿಯಾದ ಫೋನ್ ವ್ಯವಹಾರವನ್ನು ಕೊಂಡುಕೊಂಡಿತ್ತು. ಆತ್ಮೀಯ ನಮಸ್ಕಾರದೊಂದಿಗೆ ಶುರುವಾದ ಪತ್ರ ಕಾರ್ಯತಂತ್ರ, ಹೊಂದಾಣಿಕೆ, ಡಿಜಿಟಲ್ ಬದುಕು ಎಂದು ಪ್ಯಾರಾದಿಂದ ಪ್ಯಾರಾಕ್ಕೆ ಸಾಗಿತು. ಸುಮಾರು 12,500 ಮಂದಿಯ ಕೆಲಸ ಹೋಗಲಿದೆ ಎಂಬ ಸಂಗತಿ ಬಂದದ್ದು ಹತ್ತು ಪ್ಯಾರಾ ಕಳೆದ ಮೇಲೆ. ಹಂಗೇರಿಯ ಕೊಮಾರೋಮ್ ಕಾರ್ಖಾನೆಯಿಂದ ಕಂಪನಿ ಹಂತಹಂತವಾಗಿ ಹೊರಬರಲಿದೆ ಎಂಬ ಸುದ್ದಿಯೂ ಅದರೊಳಗೇ ಹುದುಗಿತ್ತು. ಪತ್ರ ಹೊರಬಿದ್ದ ಕೂಡಲೇ ಲೋಕವೆಲ್ಲ ಅದನ್ನು ಟೀಕಿಸಿತು.

ಸಂಬಳ ಬಂದೀತೇ, ನನ್ನ ವಿಭಾಗ ಉಳಿದೀತೇ ಎಂದು ತಿಳಿಯಲು ಪತ್ರ ತೆರೆದವರನ್ನು ಅಷ್ಟು ಹೊತ್ತು ಕಾಯಿಸಿದ್ದು ಕ್ರೂರವೇ ಸರಿ. ಮೂರು ತಿಂಗಳಿಗೊಮ್ಮೆ ಬರುವ ಸಾಮಾನ್ಯ ಪತ್ರದಲ್ಲೂ, ಅಷ್ಟು ದೊಡ್ಡ ಪ್ರಮಾಣದಲ್ಲಿ ಅಲ್ಲದಿದ್ದರೂ, ಇದೇ ನಡೆಯುತ್ತದೆ.

ನೀರೆತ್ತುವ ಪಂಪ್ ತಯಾರಿಸುವ ಒಂದು ಕಂಪನಿಯನ್ನು ಊಹಿಸಿಕೊಳ್ಳೋಣ. ಅದರ ಪತ್ರದಲ್ಲಿ ಹೀಗಿದೆ: “ಮಾರುಕಟ್ಟೆಯ ಸವಾಲುಗಳ ನಡುವೆಯೂ ನಮ್ಮ ತಂಡ ಕಾರ್ಯಾಚರಣೆಯಲ್ಲಿ ಉತ್ಕೃಷ್ಟತೆ ಸಾಧಿಸಿದೆ. ಸಿನರ್ಜಿ ಹೆಚ್ಚಿಸಲು ಸಂಪನ್ಮೂಲಗಳ ಮರುಹೊಂದಾಣಿಕೆ ಮಾಡಲಾಗುವುದು.” ಇದನ್ನು ಬಿಡಿಸಬೇಕಾದರೆ ನಿಘಂಟು ಸಾಲದು. ಬರೆಯುವವರು ಮಾರಾಟ ವಿಭಾಗಕ್ಕೂ ಪ್ಲಾಂಟಿಗೂ ಹೋಗಿ ಕೇಳಬೇಕು: ಎಷ್ಟು ಮಾರಿದಿರಿ? ಹೋದ ವರ್ಷ ಇದೇ ಹೊತ್ತಿಗೆ ಎಷ್ಟಿತ್ತು? ‘ಮಾಡಲಾಗುವುದು’ ಎಂದರೆ ಮಾಡುವವರು ಯಾರು, ಯಾವತ್ತು? ‘ಸಂಪನ್ಮೂಲ’ ಎಂದರೆ ಯಂತ್ರವೋ, ಮನುಷ್ಯರೋ?

ಉತ್ತರ ಸಿಕ್ಕ ಮೇಲೆ ಪತ್ರ ಹೀಗಾಗಬಹುದು: “ಏಪ್ರಿಲ್‌ನಿಂದ ಜೂನ್‌ವರೆಗೆ 4,200 ಪಂಪ್ ಮಾರಿದ್ದೇವೆ. ಕಳೆದ ವರ್ಷ ಇದೇ ಅವಧಿಯಲ್ಲಿ 4,800 ಮಾರಿದ್ದೆವು. ಡೀಲರ್‌ಗಳ ಬಳಿ ಹಳೆಯ ಸ್ಟಾಕ್ ಉಳಿದದ್ದೇ ಮುಖ್ಯ ಕಾರಣ. ಆಗಸ್ಟ್ 1ರಿಂದ ಎರಡನೇ ಅಸೆಂಬ್ಲಿ ಲೈನ್ ನಿಲ್ಲಿಸುತ್ತೇವೆ. ಅಲ್ಲಿರುವ 36 ಜನರಲ್ಲಿ 30 ಮಂದಿ ಅದೇ ಸಂಬಳಕ್ಕೆ ಒಂದನೇ ಲೈನಿಗೆ ಬರುತ್ತಾರೆ. ಉಳಿದ ಆರು ಮಂದಿಯ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಜುಲೈ 25ರೊಳಗೆ ಪ್ಲಾಂಟ್ ಮ್ಯಾನೇಜರ್ ಅವರೊಂದಿಗೆ ಖುದ್ದಾಗಿ ಮಾತಾಡುತ್ತಾರೆ.”

ಸುದ್ದಿ ಸಿಹಿಯಾಗಿಲ್ಲ. ಆದರೂ ಲೈನಿನಲ್ಲಿ ನಿಂತು ದಿನಕ್ಕೆಷ್ಟು ಪಂಪ್ ಹೊರಹೋಗುತ್ತದೆಂದು ಕಣ್ಣಾರೆ ಕಾಣುವವನಿಗೆ ಇದನ್ನು ತಾಳೆ ನೋಡಲು ಬರುತ್ತದೆ. ನಂಬಿಕೆ ಹುಟ್ಟುವುದು ಅಲ್ಲಿಂದಲೇ. ಆರು ಮಂದಿಯ ಬಗ್ಗೆ ‘ತೀರ್ಮಾನವಾಗಿಲ್ಲ’ ಎಂದು ಒಪ್ಪಿಕೊಂಡದ್ದು ಈ ಪತ್ರದ ಬಹುಮುಖ್ಯ ವಾಕ್ಯ. ಅದಿಲ್ಲದಿದ್ದರೆ 36 ಜನವೂ ನಿದ್ದೆಗೆಡುತ್ತಿದ್ದರು.

ಆಡುಮಾತಿನಲ್ಲಿ ಬರೆದ ಮಾತ್ರಕ್ಕೆ ಪತ್ರ ಪ್ರಾಮಾಣಿಕವಾಗುವುದಿಲ್ಲ ಎಂಬುದೂ ನೆನಪಿರಬೇಕು. “ನಮ್ಮ ರಫ್ತು ಶೇ 40ರಷ್ಟು ಏರಿದೆ” ಎಂಬುದು ಸರಳ ವಾಕ್ಯವೇ. ಆದರೆ ಏರಿದ್ದು 50 ಪಂಪ್‌ನಿಂದ 70ಕ್ಕೆ ಎಂದಾದರೆ, ಆ ಶೇಕಡಾವಾರು ಲೆಕ್ಕ ಓದುಗರ ಕಣ್ಣಿಗೆ ಮಣ್ಣೆರಚುತ್ತದೆ. ಮೂಲ ಸಂಖ್ಯೆಯನ್ನು ಪಕ್ಕದಲ್ಲೇ ಇಡಬೇಕು.

ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳಿಗೆ ಇನ್ನೊಂದು ಕಟ್ಟುಪಾಡಿದೆ. ಷೇರಿನ ಬೆಲೆಯ ಮೇಲೆ ಪರಿಣಾಮ ಬೀರಬಲ್ಲ ಅಪ್ರಕಟಿತ ಮಾಹಿತಿಯನ್ನು ಬಾಯಿಬಿಡದಂತೆ ಸೆಬಿಯ 2015ರ ಒಳವ್ಯಾಪಾರ ತಡೆ ನಿಯಮಗಳು ತಡೆಯುತ್ತವೆ. ಹೀಗಾಗಿ ಫಲಿತಾಂಶ ಪ್ರಕಟವಾಗುವ ಮೊದಲು ನೌಕರರೆಲ್ಲರಿಗೂ ಲಾಭದ ಅಂಕಿ ಹಂಚುವಂತಿಲ್ಲ. ಆದರೆ ಅಂಕಿ ಹೇಳಲಾಗದು ಎಂಬ ಕಾರಣಕ್ಕೆ ‘ಉತ್ತೇಜನಕಾರಿ ಪಥದಲ್ಲಿದ್ದೇವೆ’ ಎಂದು ತೇಲಿಸಬೇಕಿಲ್ಲ. “ಫಲಿತಾಂಶ ಇಂಥ ದಿನ ಹೊರಬರುತ್ತದೆ, ಅದಕ್ಕೆ ಮೊದಲು ಅಂಕಿ ಹೇಳಲು ಕಾನೂನಿನಲ್ಲಿ ಅವಕಾಶವಿಲ್ಲ, ಮರುದಿನ ನಿಮ್ಮೆದುರು ವಿವರಿಸುತ್ತೇವೆ” ಎಂದರಾಯಿತು.

ಕಹಿ ಸುದ್ದಿಯನ್ನೂ ನೇರವಾಗಿ ಬರೆಯಬಹುದು ಎಂಬುದಕ್ಕೆ ಏರ್‌ಬಿಎನ್‌ಬಿ ಉದಾಹರಣೆಯಿದೆ. 2020ರ ಮೇ 5ರಂದು, ಕೋವಿಡ್ ಪ್ರಯಾಣೋದ್ಯಮವನ್ನು ನೆಲಕಚ್ಚಿಸಿದ್ದಾಗ, ಸಿಇಒ ಬ್ರಯಾನ್ ಚೆಸ್ಕಿ ಪತ್ರ ಬರೆದರು. 7,500 ನೌಕರರಲ್ಲಿ ಸುಮಾರು 1,900 ಮಂದಿ ಹೊರಹೋಗಬೇಕಿದೆ, ಆ ವರ್ಷದ ಆದಾಯ 2019ರ ಅರ್ಧಕ್ಕಿಂತ ಕಡಿಮೆಯಾಗುವ ಅಂದಾಜಿದೆ, ಪ್ರಯಾಣ ಯಾವಾಗ ಚೇತರಿಸುವುದೋ ತಿಳಿಯದು ಎಂದು ಬಿಚ್ಚಿಟ್ಟರು. ಅಮೆರಿಕದಲ್ಲಿ ಕೆಲಸ ಕಳೆದುಕೊಳ್ಳುವವರಿಗೆ 14 ವಾರಗಳ ಮೂಲ ವೇತನ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ ಒಂದು ವಾರದ್ದು ಎಂದು ಲೆಕ್ಕ ಕೊಟ್ಟರು. ಓದಿದವರು ಅಲ್ಲೇ ಕುಳಿತು ತಮ್ಮ ಕೈಗೆ ಬರುವುದೆಷ್ಟೆಂದು ಎಣಿಸಿಕೊಳ್ಳಬಹುದಿತ್ತು.

ನಮ್ಮ ಪಂಪ್ ಕಂಪನಿಗೆ ನಿಜವಾದ ಪರೀಕ್ಷೆ ಅಕ್ಟೋಬರ್ ಪತ್ರದಲ್ಲಿದೆ. ಅದರ ಮೊದಲ ಪ್ಯಾರಾ ಜುಲೈಯಲ್ಲಿ ಕೊಟ್ಟ ಮಾತುಗಳನ್ನೇ ಎತ್ತಿಕೊಳ್ಳಬೇಕು: ಲೈನ್ ಹೇಳಿದ ದಿನವೇ ನಿಂತಿತೇ, 30 ಮಂದಿಗೆ ಹಳೆಯ ಸಂಬಳವೇ ಬಂತೇ, ಮ್ಯಾನೇಜರ್ ಆ ಆರು ಮಂದಿಯೊಂದಿಗೆ ಮಾತಾಡಿದರೇ, ಏನು ತೀರ್ಮಾನವಾಯಿತು.